ಮುಚ್ಚುವ ಮೊದಲು ನೋಡಿ

ಶ್ರೀರಂಗಪಟ್ಟಣದ ಪಕ್ಕದ ಬಾಬುರಾಯನಕೊಪ್ಪಲಿನಿಂದ ಪಾಂಡವಪುರದ ಕಡೆಗಾಗಲಿ, ಕೆ.ಆರ್. ಪೇಟೆ, ನಾಗಮಂಗಲದ ಕಡೆಗಾಗಲಿ ಹೊರಟರೆ ದಾರಿಯುದ್ದಕ್ಕೂ ಅರ್ಧ ಎದ್ದ ಮನೆಗಳು ಕಾಣುತ್ತವೆ. ಮನೆ ಕೆಲಸ ಎಲ್ಲಿಗೆ ಬಂತು ಎಂದು ಯಜಮಾನರನ್ನು ಕೇಳಿದರೆ ಬರುವ ಉತ್ತರ ನಿಮಗೂ ಗೊತ್ತು: ಪಾಯ ಆಯಿತು, ಬಾಗಿಲು ನಿಲ್ಲಿಸಿದ್ದಾಯಿತು, ಲಿಂಟಲ್ ಮಟ್ಟಕ್ಕೆ ಬಂತು, ಮೋಲ್ಡ್ ಹಾಕಿಸಿದೆವು, ಇನ್ನು ಪೇಂಟಿಂಗ್ ಒಂದು ಬಾಕಿ. ಮೇಸ್ತ್ರಿಗೆ ಹಣ ಕೊಡುವುದೂ ಈ ಲೆಕ್ಕದಲ್ಲೇ. ಬ್ಯಾಂಕು ಸಾಲದ ಕಂತು ಬಿಡುವುದೂ ಹೆಚ್ಚುಕಡಿಮೆ ಹೀಗೆಯೇ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮನೆಗಳಿಗೂ ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ಹಂತ ಹಂತವಾಗಿ ಫೋಟೋ ತೆಗೆದು ಕಳಿಸಿದರೆ ಹಣ ಬರುತ್ತದೆ. ಒಟ್ಟಿನಲ್ಲಿ ಮನೆಯ ಹಂತಗಳನ್ನು ನಾವೆಲ್ಲ ಅಳೆಯುವುದು ಎತ್ತರದಿಂದ, ಕಣ್ಣಿಗೆ ಕಾಣುವುದರಿಂದ. ಈ ಲೆಕ್ಕ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಮನೆ ಕಟ್ಟುವಾಗ ಒಬ್ಬರ ಕೆಲಸವನ್ನು ಇನ್ನೊಬ್ಬರ ಕೆಲಸ ಮುಚ್ಚಿಬಿಡುತ್ತದೆ. ಪಾಯ ತೆಗೆದ ಗುಂಡಿಯನ್ನು ಕಲ್ಲು ಮುಚ್ಚುತ್ತದೆ, ಕಲ್ಲನ್ನು ಮಣ್ಣು, ಮಣ್ಣನ್ನು ನೆಲದ ಕಾಂಕ್ರೀಟು, ಕಂಬಿಯನ್ನು ಮೋಲ್ಡು, ಪೈಪನ್ನು ಗಾರೆ, ಗಾರೆಯನ್ನು ಬಣ್ಣ. ಹಂತಗಳನ್ನು ಎಣಿಸಬೇಕಾದದ್ದು ಮುಚ್ಚಿಹೋಗುವ ಈ ಗಳಿಗೆಗಳಿಂದ. ಯಾವ ಕೆಲಸದವರು ಯಾರ ನಂತರ ಬರಬೇಕು, ನಡುವೆ ಎಷ್ಟು ದಿನ ಬಿಡಬೇಕು ಎಂಬುದೂ ಅದರಿಂದಲೇ ತೀರ್ಮಾನವಾಗಬೇಕು.

ಮೊದಲು ನೆಲದಿಂದ ಆರಂಭಿಸೋಣ. ನಮ್ಮ ಈ ನಾಲ್ಕು ತಾಲ್ಲೂಕುಗಳ ನೆಲ ಒಂದೇ ತೆರನಾದದ್ದಲ್ಲ. ನಾಗಮಂಗಲದ ಮಳೆಯಾಶ್ರಯದ ಕೆಂಪು ನೆಲದಲ್ಲಿ ಅನೇಕ ಕಡೆ ಸ್ವಲ್ಪ ಅಗೆದರೆ ಗಟ್ಟಿ ಸಿಗುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನ ಕತೆ ಬೇರೆ. ಗದ್ದೆಯ ಅಂಚಿನಲ್ಲಿ, ಹಿಂದೆ ಗದ್ದೆಯೇ ಆಗಿದ್ದ ಜಾಗದಲ್ಲಿ ಸೈಟು ಮಾಡಿದ್ದರೆ ಮೇಲೆ ಮೂರು ನಾಲ್ಕು ಅಡಿ ಜಿಗುಟು ಮಣ್ಣು ಇರುತ್ತದೆ. ನೀರು ಕುಡಿದಾಗ ಉಬ್ಬುವುದು, ಒಣಗಿದಾಗ ಬಿರಿಯುವುದು ಅದರ ಗುಣ. ನಾಲೆಯಲ್ಲಿ ನೀರು ಹರಿಯುವ ತಿಂಗಳುಗಳಲ್ಲಿ, ಅಂದರೆ ಸಾಮಾನ್ಯವಾಗಿ ಮುಂಗಾರಿನ ನಡುವಿನಿಂದ ವರ್ಷದ ಕೊನೆಯವರೆಗೆ, ಅಲ್ಲಿ ನಾಲ್ಕು ಅಡಿ ಗುಂಡಿ ತೆಗೆದರೆ ತಳದಲ್ಲಿ ನೀರು ಜಿನುಗುತ್ತದೆ. ಆದ್ದರಿಂದ ಈ ಬಯಲಿನಲ್ಲಿ ಪಾಯ ತೆಗೆಯುವ ಕಾಲ ಸಂಕ್ರಾಂತಿ ಕಳೆದ ಮೇಲಿನದು. ಆ ಹೊತ್ತಿಗೆ ಕೊಯ್ಲು ಮುಗಿದಿರುತ್ತದೆ, ನಾಲೆ ನಿಂತು ಕೆಲವು ವಾರಗಳಾಗಿ ನೀರಿನ ಮಟ್ಟ ಇಳಿದಿರುತ್ತದೆ, ಕಬ್ಬಿನ ದುಡ್ಡು ಕೈಗೆ ಬರುವುದೂ ಅನೇಕರಿಗೆ ಅದೇ ಸುಮಾರಿಗೆ. ಹಳಬರು ಯಾವ ಪುಸ್ತಕವನ್ನೂ ನೋಡದೆ ಈ ತಿಂಗಳನ್ನು ಹಿಡಿದದ್ದಕ್ಕೆ ಸಕಾರಣವಿದೆ.

ಗುಂಡಿ ಎಷ್ಟು ಆಳ ಎಂಬ ಪ್ರಶ್ನೆಗೆ ಅಡಿಯ ಲೆಕ್ಕದಲ್ಲಿ ಉತ್ತರ ಹೇಳುವವರನ್ನು ನಂಬಬೇಡಿ. ಗಟ್ಟಿ ಸಿಗುವವರೆಗೆ ಎಂಬುದೇ ಉತ್ತರ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಗಟ್ಟಿ ಎಲ್ಲ ಕಡೆಗೂ ಒಂದೇ ಸಮ ಇರಬೇಕು. ಹಾರೆಯನ್ನು ಒಂದೇ ಎತ್ತರದಿಂದ ಬಿಡುತ್ತ ಗುಂಡಿಯ ಉದ್ದಕ್ಕೂ ನಡೆದರೆ ಸಾಕು. ಒಂದು ಮೂಲೆಯಲ್ಲಿ ಎರಡು ಬೆರಳು ಇಳಿದದ್ದು ಇನ್ನೊಂದು ಮೂಲೆಯಲ್ಲಿ ಗೇಣುದ್ದ ಇಳಿದರೆ ಅಲ್ಲಿ ಹಳೆಯ ತಿಪ್ಪೆಗುಂಡಿಯೋ ಮುಚ್ಚಿದ ಬಾವಿಯೋ ಇದ್ದೀತು. ಇಡೀ ಮನೆ ಸಮನಾಗಿ ಅರ್ಧ ಅಂಗುಲ ಕುಸಿದರೆ ಯಾರಿಗೂ ತಿಳಿಯುವುದೇ ಇಲ್ಲ. ಒಂದು ಮೂಲೆ ಮಾತ್ರ ಅಷ್ಟೇ ಕುಸಿದರೆ ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಬಿರುಕು ಏಳುತ್ತದೆ. ಜೆಸಿಬಿ ಬಂದ ಮೇಲೆ ಇನ್ನೊಂದು ತೊಂದರೆ ಸೇರಿಕೊಂಡಿದೆ. ಬಕೆಟ್ಟು ಒಂದು ಕಡೆ ಒಂದಡಿ ಹೆಚ್ಚು ಅಗೆದಿರುತ್ತದೆ. ಮಟ್ಟ ಸರಿಮಾಡಲೆಂದು ಅದೇ ಸಡಿಲ ಮಣ್ಣನ್ನು ಎಳೆದು ತುಂಬಿಬಿಡುತ್ತಾರೆ. ತುಂಬಬೇಕಾದದ್ದು ಬಡ ಕಾಂಕ್ರೀಟಿನಿಂದ. ತಳದಲ್ಲಿ ನೀರು ನಿಂತಿದ್ದರೆ ಎತ್ತಿ ಹಾಕಿ, ಕೆಸರನ್ನು ಕೆರೆದು ತೆಗೆದು, ಅದೇ ದಿನ ಬೆಡ್ ಕಾಂಕ್ರೀಟು ಹಾಕಿಬಿಡಬೇಕು. ರಾತ್ರಿ ಕಳೆದರೆ ಕೆರೆದದ್ದು ವ್ಯರ್ಥ. ಇಷ್ಟೆಲ್ಲ ನೋಡಲು ಸಿಗುವುದು ಒಂದು ಬೆಳಿಗ್ಗೆ ಮಾತ್ರ. ಸರ್ಕಾರಿ ಫೋಟೋದಲ್ಲಿ ಬರುವ ತಳಪಾಯವೆಂದರೆ ಅದರ ಮೇಲೆ ಎದ್ದ ಕಲ್ಲಿನ ಸಾಲು. ಗುಂಡಿಯ ತಳ ಆ ಹೊತ್ತಿಗೆ ಕಾಣದಾಗಿರುತ್ತದೆ.

ಸೈಜುಗಲ್ಲಿನ ಪಾಯದಲ್ಲಿ ಎರಡೂ ಮುಖದ ಕಲ್ಲುಗಳನ್ನು ಚೆನ್ನಾಗಿ ಜೋಡಿಸಿ ಹೊಟ್ಟೆಯೊಳಗೆ ಚಕ್ಕೆಗಳನ್ನು ಒಣಗಿದಂತೆಯೇ ಸುರಿಯುವುದು ಮಾಮೂಲು ಕಳ್ಳದಾರಿ. ಒಂದು ಬಿಂದಿಗೆ ನೀರನ್ನು ಮೇಲಿಂದ ಸುರಿದು ನೋಡಿ. ಕ್ಷಣದಲ್ಲಿ ಒಳಗೆ ಮಾಯವಾದರೆ ಹೊಟ್ಟೆ ಟೊಳ್ಳು. ಈಗ ಪಿಲ್ಲರ್ ಎಬ್ಬಿಸಿ ಕಟ್ಟುವವರೇ ಹೆಚ್ಚಾಗುತ್ತಿದ್ದಾರೆ, ಆದರೂ ಪಿಲ್ಲರುಗಳ ನಡುವೆ ಕಲ್ಲು ಕಟ್ಟುವುದು ನಿಂತಿಲ್ಲ. ಈ ಪರೀಕ್ಷೆ ಅಲ್ಲಿಗೂ ಸಲ್ಲುತ್ತದೆ.

ಈಗ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕೆಂದಿರುವ ಜಾಗಕ್ಕೆ ಬರೋಣ. ಅದು ಪಾಯದ ಒಳಗೆ ಮಣ್ಣು ತುಂಬುವ ಕೆಲಸ. ಇದಕ್ಕೆ ಪೂಜೆಯಿಲ್ಲ, ಫೋಟೋ ಇಲ್ಲ, ಕಂತೂ ಇಲ್ಲ. ಮೂವತ್ತು–ನಲವತ್ತರ ಸೈಟಿನಲ್ಲಿ ಸುಮಾರು 825 ಚದರ ಅಡಿಯ ಒಂದು ಮನೆಯನ್ನು ಲೆಕ್ಕಕ್ಕೆ ಹಿಡಿಯೋಣ. ರಸ್ತೆಗಿಂತ ಎತ್ತರವಿರಲೆಂದು ಪಾಯವನ್ನು ಎರಡೂವರೆ ಅಡಿ ಎಬ್ಬಿಸಿದ್ದೇವೆ ಎಂದಿಟ್ಟುಕೊಂಡರೆ, ಒಳಗೆ ತುಂಬುವ ಮಣ್ಣು ಸುಮಾರು ಎರಡು ಸಾವಿರ ಘನ ಅಡಿ. ಇದನ್ನು ಎಂಟು ಒಂಬತ್ತು ಅಂಗುಲದ ಪದರಗಳಲ್ಲಿ ಹರಡಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ, ದಿಮ್ಮಸಿನಿಂದಲೋ ಯಂತ್ರದಿಂದಲೋ ಬಡಿಯಬೇಕು. ವಾಡಿಕೆಯಲ್ಲಿ ನಡೆಯುವುದು ಹೀಗೆ: ಟಿಪ್ಪರಿನಲ್ಲಿ ತಂದ ಮಣ್ಣನ್ನು ಒಂದೇ ಸಲಕ್ಕೆ ಸುರಿದು, ಮಟ್ಟ ಮಾಡಿ, ಮೇಲೆ ಮೋಟಾರು ಬಿಟ್ಟು ನೀರು ತುಂಬಿಸಿ ‘ಕುಂತ್ಕೊಳ್ಳುತ್ತೆ ಬಿಡಿ’ ಎನ್ನುತ್ತಾರೆ. ಕುಳಿತುಕೊಳ್ಳುವುದೇನೋ ನಿಜ, ಯಾವಾಗ ಎಂಬುದು ಪ್ರಶ್ನೆ. ಆ ಎರಡೂವರೆ ಅಡಿಯಲ್ಲಿ ನೂರಕ್ಕೆ ಐದು ಪಾಲು ಆಮೇಲೆ ಕುಸಿದರೂ ಒಂದೂವರೆ ಅಂಗುಲ. ಗೃಹಪ್ರವೇಶವಾಗಿ ಒಂದೆರಡು ವರ್ಷಕ್ಕೆ ಗೋಡೆಯ ಬುಡದ ಸ್ಕರ್ಟಿಂಗಿಗೂ ನೆಲಕ್ಕೂ ನಡುವೆ ಸಂದಿ ಬೀಳುತ್ತದೆ, ಟೈಲ್ಸಿನ ಮೇಲೆ ಬೆರಳಿನಿಂದ ಕುಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಮನೆಯವರು ಬೈಯುವುದು ಟೈಲ್ಸ್ ಹಾಕಿದವರನ್ನು. ಅವರು ಬರುವುದಕ್ಕೆ ತಿಂಗಳುಗಳ ಮೊದಲೇ ನಡೆದುಹೋದ ತಪ್ಪಿಗೆ ಅವರು ಹೊಣೆಯಾಗುತ್ತಾರೆ.

ನಾಲೆ ಬಯಲಿನಲ್ಲಿ ಇನ್ನೊಂದು ಆಸೆ ಕಾಡುತ್ತದೆ. ಗುಂಡಿಯಿಂದ ಎತ್ತಿದ ಮಣ್ಣು ಪಕ್ಕದಲ್ಲೇ ರಾಶಿ ಬಿದ್ದಿರುವಾಗ, ದುಡ್ಡು ಕೊಟ್ಟು ಬೇರೆ ಮಣ್ಣು ತರಿಸಲು ಯಾರಿಗೆ ಮನಸ್ಸು ಬರುತ್ತದೆ? ಆ ಜಿಗುಟು ಮಣ್ಣನ್ನೇ ಒಳಗೆ ತಳ್ಳಿದರೆ ಪ್ರತಿ ಮಳೆಗಾಲಕ್ಕೂ ಅದು ನೀರು ಹೀರಿ ಉಬ್ಬಿ, ಬೇಸಿಗೆಗೆ ಕುಗ್ಗುತ್ತದೆ. ಗರಸು ಬೆರೆತ ಕೆಂಪು ಮಣ್ಣನ್ನು ತರಿಸಲು ಖರ್ಚಾಗುವುದು ನಿಜ. ಆದರೆ ಮುಂದೆ ನೆಲ ಕಿತ್ತು ಮತ್ತೆ ಹಾಕಿಸುವ ಖರ್ಚಿನ ಪಕ್ಕದಲ್ಲಿ ಅದು ಸಣ್ಣದು. ಇಲ್ಲಿ ಕೆಲಸದ ಸರದಿಯೇ ನಮಗೆ ಒಂದು ಅನುಕೂಲ ಕೊಡುತ್ತದೆ. ಮಣ್ಣನ್ನು ಬಡಿದು ತುಂಬಿದ ಮೇಲೆ ನೆಲದ ಕಾಂಕ್ರೀಟನ್ನು ತಕ್ಷಣ ಹಾಕದೆ ಗೋಡೆ ಎಬ್ಬಿಸಲು ಹೋದರೆ, ಗೋಡೆ, ಲಿಂಟಲ್, ಮೋಲ್ಡ್ ಮುಗಿಯುವಷ್ಟು ಕಾಲ, ಅಂದರೆ ಎರಡು ಮೂರು ತಿಂಗಳಷ್ಟು, ಆ ಮಣ್ಣಿಗೆ ಪುಕ್ಕಟೆಯಾಗಿ ಸಿಗುತ್ತದೆ. ಇದಕ್ಕೆ ಮೇಸ್ತ್ರಿಗಳು ಎತ್ತುವ ಆಕ್ಷೇಪ ಸುಳ್ಳಲ್ಲ: ಬರೀ ಮಣ್ಣಿನ ಮೇಲೆ ಸೆಂಟ್ರಿಂಗ್ ಕಂಬ ನಿಲ್ಲಿಸಿದರೆ ಮೋಲ್ಡ್ ಹಾಕುವ ದಿನ ಹಸಿ ಕಾಂಕ್ರೀಟಿನ ಭಾರಕ್ಕೆ ಕಂಬ ಇಳಿದು ಛಾವಣಿ ಜೋತುಬೀಳುತ್ತದೆ, ಅದಕ್ಕೇ ಮೊದಲು ನೆಲ ಗಟ್ಟಿಮಾಡಿಕೊಳ್ಳುತ್ತೇವೆ ಎನ್ನುತ್ತಾರೆ. ಕಂಬ ಇಳಿಯುವಷ್ಟು ಸಡಿಲವಾಗಿದ್ದರೆ ಮಣ್ಣನ್ನು ಬಡಿದಿಲ್ಲ ಎಂದೇ ಅರ್ಥ. ಅದರ ಮೇಲೆ ನಾಲ್ಕಂಗುಲ ಕಾಂಕ್ರೀಟು ಹಾಕಿದರೆ ದೋಷ ಮರೆಯಾಗುತ್ತದೆ, ಹೋಗುವುದಿಲ್ಲ. ಪದರ ಪದರವಾಗಿ ಬಡಿದ ಮಣ್ಣಿನ ಮೇಲೆ ಅಗಲದ ಹಲಗೆ ಹಾಸಿ ಕಂಬ ನಿಲ್ಲಿಸಿದರೆ ಎರಡೂ ಉದ್ದೇಶ ಈಡೇರುತ್ತವೆ.

ನೆಲದಡಿಯ ಒಳಚರಂಡಿ ಪೈಪು, ಗೆದ್ದಲು ಔಷಧ, ಪಾಯದ ಮೇಲಿನ ತೇವ ತಡೆಯುವ ಪಟ್ಟಿ, ಇವೆಲ್ಲ ಇದೇ ಹಂತದವು. ತೇವ ತಡೆಯುವ ಪಟ್ಟಿಯನ್ನು ನಾಲೆ ಬಯಲಿನವರು ಮರೆಯುವಂತಿಲ್ಲ. ಹೆಚ್ಚು ನೀರಾವರಿಯಿಂದ ಚೌಳು ಹಿಡಿದ ಜಾಗಗಳಲ್ಲಿ ಮಣ್ಣಿನ ಉಪ್ಪು ತೇವದ ಜೊತೆ ಗೋಡೆಗೆ ಏರಿ, ಎರಡು ಮೂರು ಅಡಿ ಎತ್ತರಕ್ಕೆ ಬಿಳಿ ಪುಡಿಯಾಗಿ ಹೊರಬಂದು ಬಣ್ಣವನ್ನು ಉದುರಿಸುತ್ತದೆ. ಪಟ್ಟಿ ಹಾಕಿದ್ದರೂ ಹೊರಗಿನ ಗಾರೆಯನ್ನು ನೆಲದವರೆಗೂ ಒಂದೇ ಸಮನೆ ಎಳೆದಿದ್ದರೆ ತೇವ ಪಟ್ಟಿಯನ್ನು ಬಳಸಿಕೊಂಡು ಗಾರೆಯ ಮೂಲಕವೇ ಮೇಲೇರುತ್ತದೆ. ಆಗ ಬೈಗುಳ ತಿನ್ನುವವರು ಪೇಂಟರ್.

ಗೋಡೆಯ ವಿಚಾರಕ್ಕೆ ಬಂದಾಗ ನಮ್ಮ ಸೀಮೆಯ ಹಳೆಯ ಪದ್ಧತಿಯೊಂದನ್ನು ನೆನೆಯಬೇಕು. ತೊಟ್ಟಿ ಮನೆಗಳ ದಪ್ಪ ಮಣ್ಣಿನ ಗೋಡೆಯನ್ನು ಯಾರೂ ಒಂದೇ ಉಸಿರಿನಲ್ಲಿ ಎಬ್ಬಿಸುತ್ತಿರಲಿಲ್ಲ. ತುಳಿದು ಹದ ಮಾಡಿದ ಮಣ್ಣಿನಲ್ಲಿ ಒಂದು ವರಸೆ ಹಾಕಿ, ಅದು ಒಣಗುವವರೆಗೆ ಬಿಟ್ಟು, ಆಮೇಲೆ ಇನ್ನೊಂದು ವರಸೆ. ಆತುರ ಮಾಡಿದರೆ ಹಸಿ ಗೋಡೆ ಸಂಜೆಯೊಳಗೆ ಕಣ್ಣೆದುರೇ ಹೊಟ್ಟೆ ಬಿಡುತ್ತಿತ್ತು. ನಮ್ಮ ಮನೆ ಮುಂದಿನ ಕನ್ನಂಬಾಡಿ ಕಟ್ಟೆಯೂ ಸಿಮೆಂಟಿನದಲ್ಲ. 1911ರಲ್ಲಿ ಶುರುವಾಗಿ 1930ರ ದಶಕದ ಆರಂಭದವರೆಗೆ ನಡೆದ ಆ ಕೆಲಸದಲ್ಲಿ ಬಳಸಿದ್ದು ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆ. ಅದು ನಿಧಾನವಾಗಿ ಗಟ್ಟಿಯಾಗುವ ಗಾರೆ. ಕಾಯುವುದು ಆ ಸಾಮಗ್ರಿಗಳ ಒಳಗೇ ಇತ್ತು, ಯಾರೂ ಹೇಳಿಕೊಡಬೇಕಿರಲಿಲ್ಲ. ಸಿಮೆಂಟು ಬಂದು ಈ ಕಟ್ಟುಪಾಡನ್ನು ಸಡಿಲಿಸಿತು. ಇಂದು ಹಾಕಿದ ಕಾಂಕ್ರೀಟಿನ ಮೇಲೆ ನಾಳೆ ಬೆಳಿಗ್ಗೆ ನಡೆದಾಡಬಹುದು. ಗಟ್ಟಿಯಾಯಿತು ಎಂದು ಕಾಲು ಹೇಳುತ್ತದೆ, ಆದರೆ ಅದರ ಲೆಕ್ಕದ ಶಕ್ತಿ ಬರುವುದು 28 ದಿನಕ್ಕೆ. ಅದೂ ನೀರು ಸಿಕ್ಕಿದ್ದರೆ. ಮಣ್ಣಿನ ಗೋಡೆಯ ಆತುರಕ್ಕೆ ಶಿಕ್ಷೆ ಅದೇ ದಿನ ಸಿಗುತ್ತಿತ್ತು, ಸಿಮೆಂಟಿನ ಆತುರಕ್ಕೆ ಹತ್ತು ವರ್ಷದ ನಂತರ, ಕಂಬಿ ತುಕ್ಕು ಹಿಡಿದು ಸೂರಿನ ಗಾರೆ ಉದುರುವಾಗ. ನಮ್ಮ ಈಗಿನ ಅವಸರದ ಬೇರು ಈ ವ್ಯತ್ಯಾಸದಲ್ಲಿದೆ. ಇಟ್ಟಿಗೆ ಗೋಡೆಗೂ ಒಂದು ದಿನಕ್ಕೆ ಐದು ಅಡಿಗಿಂತ ಹೆಚ್ಚು ಎಬ್ಬಿಸಬಾರದೆಂಬ ನಿಯಮವಿದೆ. ಇಟ್ಟಿಗೆಯನ್ನು ನೀರಿನಲ್ಲಿ ನೆನೆಸದೆ ಕಟ್ಟಿದರೆ ಅದು ಗಾರೆಯ ನೀರನ್ನು ಹೀರಿಬಿಡುತ್ತದೆ. ಅಂಥ ಗೋಡೆಯ ಸಂದಿಯ ಗಾರೆಯನ್ನು ವಾರದ ಮೇಲೂ ಮೊಳೆಯಿಂದ ಕೆರೆದು ಉದುರಿಸಬಹುದು.

ಮೋಲ್ಡ್ ಹಾಕುವ ದಿನ ನಮ್ಮೂರುಗಳಲ್ಲಿ ಹಬ್ಬದ ಹಾಗೆ. ಮಿಕ್ಸರ್ ಯಂತ್ರ, ನಲವತ್ತು ಆಳು, ಮಧ್ಯಾಹ್ನಕ್ಕೆ ಬಾಡೂಟ. ಎಲ್ಲರೂ ಆ ದಿನ ಬರುತ್ತಾರೆ. ಬರಬೇಕಾದದ್ದು ಹಿಂದಿನ ಸಂಜೆ, ಏಣಿ ಹತ್ತಿ. ಆ ಸಂಜೆ ಮೂರು ಕಸುಬಿನವರ ಕೆಲಸ ಒಟ್ಟಿಗೆ ಬಯಲಿನಲ್ಲಿರುತ್ತದೆ: ಸೆಂಟ್ರಿಂಗಿನವರ ಹಲಗೆ, ಕಂಬಿ ಕಟ್ಟುವವರ ಬಲೆ, ಎಲೆಕ್ಟ್ರಿಷಿಯನ್ನರ ಪೈಪು ಮತ್ತು ಫ್ಯಾನಿನ ಡಬ್ಬ. ಮಾರನೆಯ ದಿನ ಈ ಮೂರೂ ಶಾಶ್ವತವಾಗಿ ಮುಚ್ಚಿಹೋಗುತ್ತವೆ. ಕಂಬಿ ಹಲಗೆಯ ಮೇಲೆ ಮಲಗಿರಬಾರದು. ಕೆಳಗೆ 20 ಮಿಲಿಮೀಟರಿನ ಕವರ್ ಬ್ಲಾಕ್ ಇಟ್ಟು ಎತ್ತಿರಬೇಕು. ಇನ್ನೂ ಮುಖ್ಯವಾಗಿ ಸಜ್ಜಾ ಮತ್ತು ಬಾಲ್ಕನಿ ನೋಡಿ. ಗೋಡೆಯಿಂದ ಹೊರಕ್ಕೆ ಚಾಚಿದ ಭಾಗಕ್ಕೆ ಭಾರ ಬಿದ್ದಾಗ ಬಿರಿಯುವುದು ಮೇಲ್ಮೈ, ಆದ್ದರಿಂದ ಅಲ್ಲಿ ಮುಖ್ಯ ಕಂಬಿ ಮೇಲೆ ಇರಬೇಕು. ಕಂಬಿ ಕಟ್ಟುವವರು ಸರಿಯಾಗಿಯೇ ಮೇಲೆ ಕಟ್ಟಿರುತ್ತಾರೆ. ಬಾಣಲಿ ಹೊತ್ತ ಆಳುಗಳು ಅದರ ಮೇಲೆ ಓಡಾಡಿ ತುಳಿದು ತಳಕ್ಕೆ ಇಳಿಸುತ್ತಾರೆ. ಸಜ್ಜಾ ಮುರಿದು ಬೀಳುವುದಕ್ಕೆ ಇದು ಪದೇ ಪದೇ ಕಾಣುವ ಕಾರಣ. ಓಡಾಡಲು ಹಲಗೆ ಹಾಸಿಸುವುದು, ಕಾಂಕ್ರೀಟು ಸುರಿಯುವಾಗ ಒಬ್ಬರು ಕೊಕ್ಕೆ ಹಿಡಿದು ಆ ಕಂಬಿಗಳನ್ನು ಎತ್ತಿ ಹಿಡಿಯುವುದು, ಇಷ್ಟೇ ಇದರ ಪರಿಹಾರ.

ನೀರಿನ ಮಾತು ಹೇಳಲೇಬೇಕು. ಒಂದು, ಒಂದೂವರೆ, ಮೂರು ಪಾಲಿನ ಎಂ–20 ಕಾಂಕ್ರೀಟಿಗೆ 50 ಕೆ.ಜಿ. ಸಿಮೆಂಟಿನ ಚೀಲಕ್ಕೆ 30 ಲೀಟರಿಗಿಂತ ಹೆಚ್ಚು ನೀರು ಕೂಡದು ಎಂದು ಭಾರತೀಯ ಮಾನಕ 456 ಹೇಳುತ್ತದೆ. ಮರಳಿನಲ್ಲಿ ಇರುವ ತೇವವೂ ಆ ಮೂವತ್ತರಲ್ಲೇ ಸೇರಿತು. ನಮ್ಮ 825 ಚದರ ಅಡಿಯ ಐದಂಗುಲದ ಛಾವಣಿಗೆ ಸುಮಾರು 80 ಚೀಲ ಬೇಕಾಗುತ್ತದೆ. ಸುಲಭವಾಗಿ ಹರಡಲಿ ಎಂದು ಚೀಲಕ್ಕೆ ಹತ್ತು ಲೀಟರ್ ಹೆಚ್ಚು ಸುರಿದರೆ ಎಂಟುನೂರು ಲೀಟರ್ ಅನಗತ್ಯ ನೀರು ಛಾವಣಿಯೊಳಗೆ ಸೇರಿತು. ಅದು ಒಣಗಿದಾಗ ಬಿಟ್ಟುಹೋಗುವುದು ಸಣ್ಣ ಸಣ್ಣ ರಂಧ್ರಗಳನ್ನು, ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಕಡಿತವನ್ನು. ಕಲಸುವಾಗ ನೀರು ಧಾರಾಳ, ಹಾಕಿದ ಮೇಲೆ ಜಿಪುಣತನ ಎಂಬುದು ನಮ್ಮ ವಿಚಿತ್ರ ಅಭ್ಯಾಸ. ಇರಬೇಕಾದದ್ದು ಇದರ ವಿರುದ್ಧ. ಮಾರನೆಯ ದಿನವೇ ಸಣ್ಣ ಕಟ್ಟೆ ಕಟ್ಟಿ ಎರಡಂಗುಲ ನೀರು ನಿಲ್ಲಿಸಬೇಕು. ಅದೇ ಮಾನಕದ ಪ್ರಕಾರ ಮಾಮೂಲು ಸಿಮೆಂಟಿಗೆ ಕನಿಷ್ಠ ಏಳು ದಿನ, ಈಗ ಹೆಚ್ಚು ಮಾರಾಟವಾಗುವ ಬೂದಿ ಬೆರೆತ ಪಿಪಿಸಿ ಸಿಮೆಂಟಿಗೆ ಕನಿಷ್ಠ ಹತ್ತು ದಿನ. ನಮ್ಮ ಏಪ್ರಿಲ್ ಬಿಸಿಲಿಗೆ ಹದಿನಾಲ್ಕು ದಿನ ನಿಲ್ಲಿಸಿದರೆ ಲೇಸು. ಹದಿನೈದು ಅಡಿಯೊಳಗಿನ ಕೋಣೆಯ ಛಾವಣಿಗೆ ಮಾಮೂಲು ಸಿಮೆಂಟಾದರೆ ಏಳು ದಿನಕ್ಕೆ ಕಂಬ ಬಿಚ್ಚಬಹುದು, ಅದಕ್ಕಿಂತ ಅಗಲದ ಹಾಲಿಗೆ ಮತ್ತು ತೊಲೆಗಳಿಗೆ ಹದಿನಾಲ್ಕು ದಿನ. ಪಿಪಿಸಿ ನಿಧಾನದ ಸಿಮೆಂಟಾದ್ದರಿಂದ ಇನ್ನೂ ಕೆಲವು ದಿನ ಸೇರಿಸಬೇಕು.

ಇಲ್ಲಿ ಮೊದಲ ದೊಡ್ಡ ಆಕ್ಷೇಪ ಏಳುತ್ತದೆ. ಸೆಂಟ್ರಿಂಗ್ ಶೀಟಿಗೆ ದಿನದ ಬಾಡಿಗೆ ಇದೆ, ಗಾರೆಯವರ ತಂಡವನ್ನು ಎರಡು ವಾರ ಸುಮ್ಮನೆ ಕೂರಿಸಿದರೆ ಅವರು ಮೈಸೂರಿಗೋ ಬೆಂಗಳೂರಿಗೋ ಹೊರಟುಹೋಗುತ್ತಾರೆ, ಮತ್ತೆ ಸಿಗುವುದಿಲ್ಲ. ಇತ್ತ ಸಾಲದ ಬಡ್ಡಿ ಓಡುತ್ತಿರುತ್ತದೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಕಾಯುವ ದಿನವೆಂದರೆ ಕೆಲಸವಿಲ್ಲದ ದಿನ ಎಂದು ಯಾರು ಹೇಳಿದವರು? ಛಾವಣಿ ನೀರು ಕುಡಿಯುತ್ತಿರುವ ಆ ಎರಡು ವಾರಗಳಲ್ಲಿ ಮನೆಯ ಹೊರಗಿನ ಕೆಲಸವೆಲ್ಲ ಕಾದಿರುತ್ತದೆ: ಸಂಪು, ಪಾಯಿಖಾನೆ ಗುಂಡಿ, ಕಾಂಪೌಂಡು, ಹೊರಮೆಟ್ಟಿಲು. ಇವನ್ನು ಗಾರೆಯವರೇ ಮಾಡಬೇಕು. ವಾಡಿಕೆಯಲ್ಲಿ ಇವನ್ನೆಲ್ಲ ಕೊನೆಗೆ ತಳ್ಳಿ, ಬಣ್ಣ ಬಳಿದ ಗೋಡೆಗೆ ಸಂಪಿನ ಕೆಸರು ಎರಚಿಸಿಕೊಳ್ಳುತ್ತೇವೆ. ಅದನ್ನು ಮಧ್ಯಕ್ಕೆ ತಂದರೆ ತಂಡವೂ ಉಳಿಯುತ್ತದೆ, ಸಂಪಿನಲ್ಲಿ ನಿಂತ ನೀರು ಮುಂದಿನ ಕೆಲಸಕ್ಕೂ ಆಗುತ್ತದೆ. ಸೆಂಟ್ರಿಂಗಿನ ಹೆಚ್ಚು ದಿನಗಳ ಬಾಡಿಗೆಯನ್ನು ಮಾತ್ರ ಒಪ್ಪಂದದಲ್ಲೇ ಬರೆದಿಡಬೇಕು. ಬರೆಯದಿದ್ದರೆ ಕಂಬ ಬಿಚ್ಚುವ ದಿನವನ್ನು ತೀರ್ಮಾನಿಸುವವರು ಬಾಡಿಗೆಗೆ ಕೊಟ್ಟವರು.

ಕಂಬ ಬಿಚ್ಚಿದ ಮೇಲೆ ಮನೆಯ ಕೆಲಸ ಒಳಗಿನದಾಗುತ್ತದೆ. ಇಲ್ಲಿ ಸರದಿಯ ತತ್ತ್ವ ಸರಳ: ಮೇಲಿನದು ಮೊದಲು, ಕೆಳಗಿನದು ಆಮೇಲೆ, ಒದ್ದೆ ಕೆಲಸ ಮೊದಲು, ಒಣ ಕೆಲಸ ಆಮೇಲೆ. ಎಲೆಕ್ಟ್ರಿಷಿಯನ್ ಮತ್ತು ಪ್ಲಂಬರ್ ಗೋಡೆ ಕೊರೆದು ಪೈಪು ಕೂರಿಸಬೇಕು. ನಾಲ್ಕೂವರೆ ಅಂಗುಲದ ಗೋಡೆಯಲ್ಲಿ ಅಡ್ಡಡ್ಡ ಉದ್ದಕ್ಕೆ ಕೊರೆದರೆ ಗೋಡೆ ಅಲ್ಲಿಗೆ ಎರಡು ತುಂಡಾದಂತೆಯೇ. ಮೇಲಿಂದ ಕೆಳಕ್ಕೆ ಇಳಿಸುವುದೇ ಸರಿ. ಕೊರೆದ ಜಾಗಕ್ಕೆ ಗಾರೆ ತುಂಬಿ, ಅಲ್ಲೂ, ತೊಲೆ ಮತ್ತು ಇಟ್ಟಿಗೆ ಸೇರುವ ಗೆರೆಯಲ್ಲೂ ಕೋಳಿ ಜಾಲರಿ ಹೊಡೆಯಬೇಕು. ಆಮೇಲೆ ಗಾರೆಯವರು ಬರುವ ಮೊದಲು ಒಂದು ಪರೀಕ್ಷೆ ನಡೆಯಲೇಬೇಕು. ನಲ್ಲಿಯ ಬಾಯಿಗಳನ್ನೆಲ್ಲ ಬಿರಡೆ ಹಾಕಿ ಮುಚ್ಚಿ, ಕೈಪಂಪಿನಿಂದ ಪೈಪಿನೊಳಗೆ ಒತ್ತಡ ಏರಿಸಿ, ಕೆಲವು ಗಂಟೆ ಮುಳ್ಳು ಇಳಿಯದೆ ನಿಂತಿದೆಯೇ ಎಂದು ನೋಡಬೇಕು. ಇಳಿದರೆ ಎಲ್ಲೋ ಸೋರುತ್ತಿದೆ. ಗೋಡೆ ಬಯಲಾಗಿರುವಾಗ ಅದನ್ನು ಹುಡುಕುವುದು ಅರ್ಧ ದಿನದ ಕೆಲಸ. ಟೈಲ್ಸ್ ಅಂಟಿಸಿದ ಮೇಲೆ ಅದೇ ಸೋರಿಕೆ ಬಚ್ಚಲುಮನೆಯನ್ನೇ ಒಡೆಸುತ್ತದೆ. ಪರೀಕ್ಷೆ ಮುಗಿದ ಕೂಡಲೇ ಗೋಡೆಗೆ ಟೇಪು ಹಿಡಿದು ಪ್ರತಿ ಗೋಡೆಯ ಫೋಟೋ ತೆಗೆದಿಡಿ. ಫೋನು ಎಲ್ಲರ ಜೇಬಿನಲ್ಲೂ ಇದೆ, ಖರ್ಚು ಏನೂ ಇಲ್ಲ. ಮುಂದೆ ಕ್ಯಾಲೆಂಡರಿಗೆ ಮೊಳೆ ಹೊಡೆಯುವಾಗ ಪೈಪು ಎಲ್ಲಿದೆ ಎಂಬುದು ಗೊತ್ತಿರುತ್ತದೆ.

ಗಾರೆ ಮೊದಲು ಸೂರಿಗೆ, ಆಮೇಲೆ ಗೋಡೆಗೆ. ಅದಕ್ಕೂ ಏಳು ಹತ್ತು ದಿನ ನೀರು. ಬಳಿಕ ನೆಲದ ಕಾಂಕ್ರೀಟು, ಟೈಲ್ಸು. ಬಾಗಿಲ ಹಲಗೆಯನ್ನು ಟೈಲ್ಸ್ ಆದ ಮೇಲೆ ಅಳತೆ ತೆಗೆದು ಕೂರಿಸಿದರೆ ಬುಡ ತರಿಯುವ ಕೆಲಸ ತಪ್ಪುತ್ತದೆ. ಕೊನೆಗೆ ಬಣ್ಣ. ಬಣ್ಣದವರಿಗೆ ಒಣ ಗೋಡೆ ಬೇಕು. ಗಾರೆ ಸವರಿ ಕನಿಷ್ಠ ನಾಲ್ಕು ವಾರ ಕಳೆಯದೆ ಪುಟ್ಟಿ ಹಾಕಿದರೆ ಒಳಗಿನ ತೇವ ಹೊರಬರಲಾಗದೆ ಗುಳ್ಳೆ ಏಳುತ್ತದೆ. ಅನುಮಾನವಿದ್ದರೆ ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ, ಮಾರನೆಯ ದಿನ ನೋಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಗೋಡೆ ಇನ್ನೂ ಹಸಿ.

ಎರಡನೆಯ ಆಕ್ಷೇಪ ಹೊಸ ಕಾಲದವರದು. ಈಗ ರೆಡಿಮಿಕ್ಸ್ ಬಂದಿದೆ, ಬೇಗ ಗಟ್ಟಿಯಾಗಿಸುವ ರಾಸಾಯನಿಕ ಬಂದಿದೆ, ತೇವ ನಿಲ್ಲಿಸುವ ಬಣ್ಣ ಬಂದಿದೆ, ಇಷ್ಟು ದಿನ ಕಾಯುವುದು ಅಜ್ಜನ ಕಾಲದ ಮಾತು ಎನ್ನುತ್ತಾರೆ. ರೆಡಿಮಿಕ್ಸಿನಿಂದ ಪಾಲು ಸರಿಯಾಗಿ ಸಿಗುತ್ತದೆ, ಅದು ಲಾಭವೇ. ಆದರೂ ಲಾರಿ ಇಳಿಸಿಹೋದ ಮೇಲೆ ಅದಕ್ಕೂ ನೀರು ಬೇಕು. ತುಂಬಿದ ಮಣ್ಣನ್ನು ಬಡಿಯುವ ರಾಸಾಯನಿಕ ಯಾವುದೂ ಇಲ್ಲ. ತೇವ ತಡೆಯುವ ಬಣ್ಣ ಬುಡದಿಂದ ಏರುವ ತೇವವನ್ನು ಒಂದು ಕಡೆ ತಡೆದರೆ ಅದು ಇನ್ನಷ್ಟು ಮೇಲೆ ಹೊರಬರುತ್ತದೆ. ಹೊಸ ಸಾಮಗ್ರಿ ಕೆಲವು ಕಾಯುವಿಕೆಗಳನ್ನು ಕಡಿಮೆ ಮಾಡಬಲ್ಲದು, ಎಲ್ಲವನ್ನೂ ಅಲ್ಲ. ಯಾವುದು ಕಡಿಮೆಯಾಯಿತು, ಯಾವುದು ಆಗಲಿಲ್ಲ ಎಂದು ಎಂಜಿನಿಯರನ್ನು ಕೇಳಿ ತಿಳಿಯಬೇಕು.

ಇನ್ನು ಮುಹೂರ್ತದ ಪ್ರಶ್ನೆ. ನಮ್ಮಲ್ಲಿ ಅನೇಕ ಮನೆಗಳ ಕೊನೆಯ ತಿಂಗಳನ್ನು ಹಾಳುಮಾಡುವುದು ಆಷಾಢದ ಭಯ. ಆಷಾಢ ಹಿಡಿಯುವುದರೊಳಗೆ ಗೃಹಪ್ರವೇಶ ಆಗಿಬಿಡಬೇಕು ಎಂದು ಹಟ ಹಿಡಿದು, ಗಾರೆ ಸವರಿದ ಹತ್ತನೇ ದಿನಕ್ಕೆ ಪುಟ್ಟಿ ಬಳಿಸುತ್ತಾರೆ. ನಮ್ಮ ಮೂವತ್ತು–ನಲವತ್ತರ ಮನೆಯನ್ನೇ ಲೆಕ್ಕ ಹಾಕಿ ನೋಡಿ. ಸಂಕ್ರಾಂತಿ ಮುಗಿದು ಪಾಯ ತೆಗೆದರೆ, ಫೆಬ್ರವರಿ ಮುಗಿಯುವ ಹೊತ್ತಿಗೆ ಪಾಯ ಎದ್ದು ಮಣ್ಣು ತುಂಬಿರುತ್ತದೆ. ಮಾರ್ಚ್ ಮತ್ತು ಏಪ್ರಿಲ್ ಮೊದಲ ಭಾಗ ಗೋಡೆಗೆ, ಏಪ್ರಿಲ್ ಕೊನೆಗೆ ಮೋಲ್ಡು. ಮೇ ನಡುವಿಗೆ ಕಂಬ ಬಿಚ್ಚಿ, ಪೈಪಿನ ಕೆಲಸ, ಗಾರೆ ಎಲ್ಲ ಸೇರಿ ಜೂನ್ ಕೊನೆಯಾಗುತ್ತದೆ. ಅಲ್ಲಿಗೆ ಆಷಾಢ ಬಂದೇ ಬರುತ್ತದೆ. ಆ ತಿಂಗಳಿಗೆ ಶುಭಕಾರ್ಯ ಹೇಗೂ ಇಲ್ಲವಾದ್ದರಿಂದ ಅದನ್ನು ಗೋಡೆ ಒಣಗುವುದಕ್ಕೂ ಟೈಲ್ಸಿಗೂ ಬಿಟ್ಟುಕೊಡಿ. ಮಳೆಯ ದಿನಗಳಾದ್ದರಿಂದ ಒಣಗುವುದು ನಿಧಾನ. ಕಿಟಕಿಗಳನ್ನು ತೆರೆದಿಟ್ಟು, ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಮಾಡಿಯೇ ಬಣ್ಣ ಹಿಡಿಸಿ. ಶ್ರಾವಣದಲ್ಲಿ ಮುಹೂರ್ತಗಳು ಸಿಗುತ್ತವೆ. ಆಷಾಢದ ಮೊದಲು ಮುಗಿಸುವ ಮನೆಗೂ ಇದಕ್ಕೂ ಇರುವ ಅಂತರ ಹೆಚ್ಚೆಂದರೆ ಎರಡು ತಿಂಗಳ ಬಾಡಿಗೆ, ಎರಡು ತಿಂಗಳ ಬಡ್ಡಿ. ಅದು ಸಣ್ಣ ಮೊತ್ತ ಎಂದು ನಾನು ಹೇಳುವುದಿಲ್ಲ, ಕೂಲಿ ಮಾಡಿ ಕಟ್ಟುವವರಿಗಂತೂ ಅಲ್ಲವೇ ಅಲ್ಲ. ಆದರೆ ನೆಲ ಕಿತ್ತು ಹಾಕಿಸುವುದು, ಬಚ್ಚಲು ಒಡೆಸುವುದು, ಮೂರು ವರ್ಷಕ್ಕೊಮ್ಮೆ ಗೋಡೆ ಕೆರೆಸಿ ಬಣ್ಣ ಬಳಿಸುವುದು, ಇವುಗಳಲ್ಲಿ ಒಂದಕ್ಕೇ ಅದಕ್ಕಿಂತ ಹೆಚ್ಚು ಹೋಗುತ್ತದೆ.

ಆದ್ದರಿಂದ ನನ್ನ ಸಲಹೆ ಹಣ ಕೊಡುವ ರೀತಿಯನ್ನು ಕುರಿತದ್ದು. ಮೇಸ್ತ್ರಿಯೊಡನೆ ಕರಾರು ಬರೆಯುವಾಗ ಪಾಯ, ಲಿಂಟಲ್, ಮೋಲ್ಡ್ ಎಂದು ಕಂತು ಬರೆಯುವ ಬದಲು ಗುಂಡಿಯ ತಳ ನೋಡಿದ ದಿನ, ಮಣ್ಣಿನ ಕೊನೆಯ ಪದರ ಬಡಿದ ದಿನ, ಮೋಲ್ಡಿನ ಹಿಂದಿನ ಸಂಜೆ, ಛಾವಣಿಗೆ ಹದಿನಾಲ್ಕು ದಿನ ನೀರು ನಿಂತ ಮೇಲೆ, ಪೈಪಿನ ಒತ್ತಡ ಪರೀಕ್ಷೆ ಮುಗಿದ ಮೇಲೆ ಎಂದು ಬರೆಯಿಸಿ. ಮೊತ್ತ ಅಷ್ಟೇ ಇರಲಿ. ಒಳ್ಳೆಯ ಮೇಸ್ತ್ರಿಗೆ ಇದರಿಂದ ನಷ್ಟವಿಲ್ಲ. ಮುಂದೆ ಟೈಲ್ಸ್ ಕುಸಿದಾಗ ತಮ್ಮ ಕೆಲಸ ಸರಿಯಿತ್ತೆಂದು ತೋರಿಸಲು ಅವರಿಗೂ ಒಂದು ದಾಖಲೆ ಸಿಗುತ್ತದೆ. ಸರ್ಕಾರಿ ವಸತಿ ಯೋಜನೆಯ ಫೋಟೋಗಳ ಜೊತೆಗೆ ತೆರೆದ ಗುಂಡಿಯದೊಂದು, ಮೋಲ್ಡಿನ ಹಿಂದಿನ ದಿನದ್ದೊಂದು ಸೇರಿಸುವುದು ಗ್ರಾಮ ಪಂಚಾಯಿತಿಗೆ ಕಷ್ಟದ ಕೆಲಸವೂ ಅಲ್ಲ. ಮನೆ ಕಟ್ಟಿಸುವವರಲ್ಲಿ ಒಂದೇ ಕೋರಿಕೆ: ಗೃಹಪ್ರವೇಶಕ್ಕೆ ದಿನ ಕೇಳಲು ಪುರೋಹಿತರ ಬಳಿ ಹೋಗುವಾಗ ಗೋಡೆಗೆ ಗಾರೆ ಸವರಿ ಮುಗಿಸಿದ ತಾರೀಖನ್ನೂ ಬರೆದುಕೊಂಡು ಹೋಗಿ, ಅಲ್ಲಿಂದ ಎರಡು ತಿಂಗಳ ಈಚೆಗೆ ಯಾವ ಮುಹೂರ್ತವನ್ನೂ ಒಪ್ಪಬೇಡಿ.